ಕಡಲಾಚೆ ಹೊರಟ ಕುಸ್ವಾರ್: ಪೆಟ್ಟಿಗೆಯ ಅಳತೆ, ದಿನದ ಲೆಕ್ಕ, ಮಾತಿನ ಬೆಲೆ

ಆಗಮನ ಕಾಲ ಹತ್ತಿರವಾಗುತ್ತಿದ್ದಂತೆ ನಮ್ಮ ವಾಟ್ಸಪ್ ಗುಂಪುಗಳಲ್ಲಿ ಕುಸ್ವಾರ್ ಚಿತ್ರಗಳು ಬರಲಾರಂಭಿಸುತ್ತವೆ. ಕಿಡಿಯೊ, ಗುಳಿಯೊ, ನೆವ್ರಿ, ತುಕ್ಡಿ, ಚಕ್ಕುಲಿ, ಗುಲಾಬಿ ಕುಕ್ಕೀಸ್. ಕೆಳಗೆ ಬೆಲೆ, 'ವಿದೇಶಕ್ಕೂ ಕಳುಹಿಸಲಾಗುವುದು' ಎಂಬ ಒಂದು ಸಾಲು. ಹಲವು ತಾಯಂದಿರಿಗೆ ಇದು ವರ್ಷಕ್ಕೊಮ್ಮೆ ಬರುವ ಸಂಪಾದನೆ. ಆದರೆ ನಷ್ಟ ಆಗುವುದು ಬಾಣಲೆಯ ಮುಂದೆ ಅಲ್ಲ, ಆ ಒಂದು ಸಾಲಿನಲ್ಲಿ.

ನಮ್ಮ ಧರ್ಮಕೇಂದ್ರದ ಓರ್ವ ಮಹಿಳೆಗೆ ಆದದ್ದನ್ನೇ ನೋಡೋಣ. ಶಾರ್ಜಾದ ಕುಟುಂಬವೊಂದು ಐದು ಕಿಲೋ ಕುಸ್ವಾರ್ ಕೇಳಿತು. ಡಬ್ಬಿ, ಪೆಟ್ಟಿಗೆ ಸೇರಿ ಆರು ಕಿಲೋ ಆಗಬಹುದೆಂದು, ಕಿಲೋಗೆ 500 ರೂಪಾಯಿಯಂತೆ 3,000 ರೂಪಾಯಿ ಸಾಗಾಟ ವೆಚ್ಚವನ್ನು ಅವರು ಮುಂಗಡ ಪಡೆದರು. ಕೊರಿಯರ್‌ನವರು ತೂಕದ ಜೊತೆಗೆ ಅಳತೆಯನ್ನೂ ಹಿಡಿದರು. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ವಿಮಾನ ಕೊರಿಯರ್‌ಗಳಲ್ಲಿ ರೂಢಿ. ಇದರಲ್ಲಿ ಬಂದ ಸಂಖ್ಯೆ ತೂಕಕ್ಕಿಂತ ಹೆಚ್ಚಾದರೆ ಅದಕ್ಕೇ ಹಣ. ಅವರ ಪೆಟ್ಟಿಗೆ 45, 35, 30 ಇತ್ತು. ಲೆಕ್ಕ ಒಂಬತ್ತೂವರೆ ಕಿಲೋಗೆ ಬಂತು. 1,750 ರೂಪಾಯಿ ಕೈಯಿಂದ ಹೋಯಿತು, ಲಾಭವೆಂದು ಎಣಿಸಿದ್ದು 1,200.

ಕಾರಣ, ಪೆಟ್ಟಿಗೆಯ ಅರ್ಧವನ್ನು ಚಕ್ಕುಲಿ ಮತ್ತು ಗುಲಾಬಿ ಕುಕ್ಕೀಸ್ ತುಂಬಿದ್ದವು. ಅವು ಹಗುರ, ಜಾಗ ಹೆಚ್ಚು ಬೇಕು, ಮುರಿಯುವುದೂ ಅವೇ. ಕಿಡಿಯೊ, ಗುಳಿಯೊ, ತುಕ್ಡಿ ಒತ್ತೊತ್ತಾಗಿ ಕೂರುತ್ತವೆ. ಇವನ್ನು ಹೆಚ್ಚು ಹಾಕಿ ಅವನ್ನು ಕಡಿಮೆ ಮಾಡಿದ್ದರೆ 40, 30, 25ರ ಪೆಟ್ಟಿಗೆ ಸಾಕಿತ್ತು, ಲೆಕ್ಕ ಆರೇ ಕಿಲೋ. ಆದ್ದರಿಂದ ಮೊದಲು ಖಾಲಿ ಪೆಟ್ಟಿಗೆ ಅಳೆಯಬೇಕು, ಆಮೇಲೆ ದರ ಹೇಳಬೇಕು.

ಎರಡನೆಯದು ಸಮಯ. ಬಿಸಿ ಆರುವ ಮೊದಲೇ ಡಬ್ಬಿ ಮುಚ್ಚಿದರೆ ಒಳಗೆ ಹಬೆ ನೀರಾಗಿ ಚಕ್ಕುಲಿ ಮೆತ್ತಗಾಗುತ್ತದೆ, ಕಿಡಿಯೊದ ಸಕ್ಕರೆ ಅಂಟುತ್ತದೆ. ನೆವ್ರಿಗೆ ಹಸಿ ತೆಂಗಿನಕಾಯಿ ಹಾಕಿದರೆ ದೂರದ ದಾರಿಗೆ ಆಗದು. ಹುರಿದ ಎಳ್ಳು, ಒಣಕೊಬ್ಬರಿಯ ಹೂರಣವೇ ಬೇಕು. ಹಲವು ಸಲ ಕಾಯಿಸಿದ ಎಣ್ಣೆಯ ಕನರು ವಾಸನೆ ಇಲ್ಲಿ ತಿಳಿಯದು, ಎರಡು ವಾರದ ನಂತರ ಅಲ್ಲಿ ಡಬ್ಬಿ ತೆರೆದಾಗ ತಿಳಿಯುತ್ತದೆ. ಹೀಗಾಗಿ ದಿನವನ್ನು ಹಿಂದಿನಿಂದ ಎಣಿಸಬೇಕು. ಡಿಸೆಂಬರ್ 18ಕ್ಕೆ ತಲಪಬೇಕಾದರೆ ಅಮೆರಿಕದ ಪೆಟ್ಟಿಗೆ ನವೆಂಬರ್ ಕೊನೆಗೆ, ಕೊಲ್ಲಿಯದ್ದು ಡಿಸೆಂಬರ್ 3ರ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬದೊಳಗೆ ಹೊರಡಲಿ. ಕರಿಯುವುದು ಅದಕ್ಕೆ ಎರಡು ದಿನ ಮೊದಲು. ಬೇಡಿಕೆ ನವೆಂಬರ್ 15ಕ್ಕೆ ನಿಲ್ಲಿಸಬೇಕು. 'ಇನ್ನೊಂದು ಮನೆಗೆ ಮಾತ್ರ' ಎಂದು ಒಪ್ಪಿಕೊಂಡದ್ದೇ ಸಾಮಾನ್ಯವಾಗಿ ಹಬ್ಬ ಕಳೆದ ಮೇಲೆ ತಲಪುವುದು.

ದಾರಿಯೇ ಮುಚ್ಚುವುದೂ ಉಂಟು. 2025ರ ಆಗಸ್ಟ್ 29ರಿಂದ ಅಮೆರಿಕ 800 ಡಾಲರ್‌ವರೆಗಿನ ಸುಂಕ ವಿನಾಯಿತಿ ನಿಲ್ಲಿಸಿತು. ನಮ್ಮ ಅಂಚೆ ಇಲಾಖೆ ಆಗಸ್ಟ್ 25ರಿಂದಲೇ ಅಲ್ಲಿಗೆ ಪಾರ್ಸೆಲ್ ಸ್ಥಗಿತಗೊಳಿಸಿ ಅಕ್ಟೋಬರ್ 15ಕ್ಕೆ ಮತ್ತೆ ಆರಂಭಿಸಿತು. ಆ ನಡುವೆ ಅಂಚೆಯನ್ನೇ ನಂಬಿ ಮುಂಗಡ ಪಡೆದವರು ಕೊಳ್ಳುವವರಿಗೆ ಏನು ಹೇಳಬೇಕಿತ್ತು? ಸುಂಕ ಯಾರದ್ದು, ಪೆಟ್ಟಿಗೆ ಹೋಗದಿದ್ದರೆ ಹಣ ಎಷ್ಟು ಹಿಂದಕ್ಕೆ ಎಂಬುದನ್ನು ಹಣ ಪಡೆಯುವ ಮೊದಲೇ ಬರೆದು ತಿಳಿಸಬೇಕು.

ಇಲ್ಲಿಯೇ ದೊಡ್ಡ ಶೋಧನೆ. ಕಸ್ಟಮ್ಸ್ ಪತ್ರದಲ್ಲಿ 'ಗಿಫ್ಟ್' ಎಂದು ಬರೆದು ಬೆಲೆ ಕಡಿಮೆ ತೋರಿಸಿ ಎಂದು ಕೊಳ್ಳುವವರೇ ಕೇಳುತ್ತಾರೆ. ಅಮೆರಿಕಕ್ಕೆ ಹೋಗುವ ಆಹಾರಕ್ಕೆ ಅಲ್ಲಿನ ಎಫ್‌ಡಿಎಗೆ ಮುಂಚಿತವಾಗಿ ಸೂಚನೆ ಕೊಡಬೇಕು. ಮನೆಯಲ್ಲೇ ಮಾಡಿ ಉಡುಗೊರೆಯಾಗಿ ಕಳುಹಿಸಿದ್ದಕ್ಕೆ ವಿನಾಯಿತಿ ಉಂಟು, ಮಾರಿದ್ದಕ್ಕೆ ಇಲ್ಲ. ಮಗಳಿಗೆ ತಾಯಿ ಕಳುಹಿಸುವ ಡಬ್ಬಿಯೂ ಮಾರಾಟದ ಡಬ್ಬಿಯೂ ಹೊರಗೆ ಒಂದೇ ತರಹ ಕಾಣಬಹುದು. ಕಾನೂನಿಗೂ ಮನಸ್ಸಾಕ್ಷಿಗೂ ಅವು ಬೇರೆ. ಪೆಟ್ಟಿಗೆ ಕಳೆದುಹೋದರೆ ಕಡಿಮೆ ಬರೆದ ಬೆಲೆಯ ಮೇಲೆ ಪರಿಹಾರವೂ ಕಡಿಮೆಯೇ.

ಕೊಳ್ಳುವವರಿಗೂ ಭಯವಿದೆ. ಬೇರೆಯವರ ಚಿತ್ರ ಹಾಕಿ ಮುಂಗಡ ಪಡೆದು ಮಾಯವಾಗುವ ಪುಟಗಳಿವೆ. ಮನೆ ಅಡುಗೆಯವರಿಗೂ ಬೇಕಾದ ಎಫ್‌ಎಸ್‌ಎಸ್‌ಎಐ ನೋಂದಣಿ ಸಂಖ್ಯೆ, ಕರಿದ ದಿನಾಂಕ, ತೆರೆದ ಪೆಟ್ಟಿಗೆಯ ಚಿತ್ರ, ಕೊರಿಯರ್ ರಸೀದಿ: ಈ ನಾಲ್ಕನ್ನು ಕಳುಹಿಸುವವರಿಗೆ ಹೆಚ್ಚು ಮಾತು ಬೇಕಾಗದು. ಶಾರ್ಜಾದ ಆ ಕುಟುಂಬಕ್ಕೆ ನಮ್ಮ ಮಹಿಳೆ ನಷ್ಟದ ಲೆಕ್ಕವನ್ನು ರಸೀದಿ ಸಮೇತ ಕಳುಹಿಸಿದರು, ಹಣ ಕೇಳಲಿಲ್ಲ. ಮರುವರ್ಷ ಅದೇ ಕಟ್ಟಡದ ಇನ್ನೂ ಮೂರು ಮನೆಗಳು ಅವರಿಗೇ ಬೇಡಿಕೆ ಕೊಟ್ಟವು, ಸಣ್ಣ ಪೆಟ್ಟಿಗೆಗೆ.