ವಾರಕ್ಕೆ 20 ಗಂಟೆ ಎಂದರೆ 20 ಗಂಟೆಯೇ

ಬ್ರಿಟನ್ನಿಗೆ ಓದಲು ಹೋದ ನಮ್ಮ ಮಕ್ಕಳು ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯಕೂಡದು, ‘ಸ್ವಲ್ಪ ಆಚೀಚೆ ಆದರೂ ನಡೆಯುತ್ತದೆ’ ಎಂದು ಹೇಳಿ ಕಳಿಸುವವರು ಅವರಿಗೆ ಕೇಡು ಮಾಡುತ್ತಿದ್ದಾರೆ ಎಂದು ನಾನು ವಾದಿಸುತ್ತಾ ಬಂದಿದ್ದೇನೆ. ಇದನ್ನು ಒಪ್ಪದವರಲ್ಲಿ ಪೋಷಕರಿದ್ದಾರೆ, ಅಲ್ಲೇ ಓದಿ ಬಂದ ಸೀನಿಯರ್‌ಗಳಿದ್ದಾರೆ, ಕನ್ಸಲ್ಟೆನ್ಸಿ ನಡೆಸುವವರೂ ಇದ್ದಾರೆ. ಅವರ ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರಿಸುತ್ತೇನೆ.

ಮೊದಲನೆಯದು ಹಣದ ಮಾತು. ಲಕ್ಷಗಟ್ಟಲೆ ಸಾಲ ಮಾಡಿ ಹೋದವರು 20 ಗಂಟೆಯಲ್ಲಿ ಬದುಕುವುದು ಹೇಗೆ, ಆದ್ದರಿಂದ ಈ ಮಿತಿಯೇ ಅನ್ಯಾಯ ಎನ್ನುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. 2026ರ ಏಪ್ರಿಲ್‌ನಿಂದ 21 ವರ್ಷ ದಾಟಿದವರಿಗೆ ಅಲ್ಲಿನ ಕನಿಷ್ಠ ವೇತನ ಗಂಟೆಗೆ 12.71 ಪೌಂಡ್. ವರ್ಷವಿಡೀ ಒಂದು ವಾರವೂ ತಪ್ಪದೆ 20 ಗಂಟೆ ದುಡಿದರೂ ತಿಂಗಳಿಗೆ 1,100 ಪೌಂಡ್ ಆಸುಪಾಸು ಆಗುತ್ತದೆ. ವೀಸಾ ಕೊಡುವಾಗ ಜೀವನವೆಚ್ಚಕ್ಕೆಂದು ಸರ್ಕಾರ ಕೇಳುವ ಮೊತ್ತ ಲಂಡನ್ನಿನಲ್ಲಿ ತಿಂಗಳಿಗೆ 1,529, ಲಂಡನ್ನಿನ ಹೊರಗೆ 1,171 ಪೌಂಡ್. ಅಂದರೆ ಮಿತಿಯೊಳಗಿನ ದುಡಿಮೆ ಊಟ ಬಾಡಿಗೆಗೇ ಪೂರ್ತಿ ಸಾಲದು, ಫೀಸಿನ ಮಾತಂತೂ ದೂರ. ಇದು ಗುಟ್ಟೇನಲ್ಲ. ಅಲ್ಲಿಗೆ ಹೋದ ಮೇಲೆ ದುಡಿಯುತ್ತೇನೆ ಎಂಬುದನ್ನು ವೀಸಾ ಅರ್ಜಿಯಲ್ಲಿ ಹಣದ ಮೂಲವೆಂದು ಒಪ್ಪುವುದೇ ಇಲ್ಲ. ಇಷ್ಟು ತಿಳಿದಿದ್ದೂ ‘ಪಾರ್ಟ್ ಟೈಮ್‌ನಲ್ಲಿ ಎರಡನೇ ಕಂತಿನ ಫೀಸು ಹುಟ್ಟುತ್ತದೆ’ ಎಂದು ಇಲ್ಲಿ ಕೂತು ಭರವಸೆ ಕೊಟ್ಟವರ ಬಗ್ಗೆ ನನಗೆ ಸಿಟ್ಟಿದೆ. ಹುಡುಗನನ್ನು ಸಂಕಟಕ್ಕೆ ತಳ್ಳಿದ್ದು ಆ ಭರವಸೆ. ಮಿತಿ ಎಷ್ಟೆಂಬುದು ಅವನು ಹೊರಡುವ ಮೊದಲೇ ಬರಹದಲ್ಲಿತ್ತು.

ಮಿತಿಯನ್ನೇ ತೆಗೆಯಲಿ ಎನ್ನುವವರು ಕೆನಡಾದತ್ತ ನೋಡಬೇಕು. 2022ರ ನವೆಂಬರ್‌ನಲ್ಲಿ ಅಲ್ಲಿ ಕ್ಯಾಂಪಸ್ಸಿನ ಹೊರಗಿನ ಕೆಲಸಕ್ಕೆ ಗಂಟೆಯ ಮಿತಿಯನ್ನು ತಾತ್ಕಾಲಿಕವಾಗಿ ತೆಗೆದರು. 2024ರ ಏಪ್ರಿಲ್ ಕೊನೆಗೆ ಆ ಸಡಿಲಿಕೆ ಮುಗಿಯಿತು, ಅದೇ ನವೆಂಬರ್‌ನಲ್ಲಿ ವಾರಕ್ಕೆ 24 ಗಂಟೆ ಎಂದು ನಿಗದಿಯಾಯಿತು. ಓದಲು ಬಂದವರು ಓದಲಿ ಎಂಬುದೇ ಅಲ್ಲಿನ ಸರ್ಕಾರ ಕೊಟ್ಟ ಕಾರಣ. ಸಡಿಲಿಕೆಯನ್ನು ನಂಬಿ ಖರ್ಚಿನ ಲೆಕ್ಕ ಹಾಕಿಕೊಂಡವರು ಕೋರ್ಸಿನ ನಡುವೆಯೇ ಅದನ್ನು ಕಳೆದುಕೊಂಡರು.

ಎರಡನೆಯ ಆಕ್ಷೇಪವೇ ಹೆಚ್ಚು ಜನರನ್ನು ಹಳ್ಳಕ್ಕೆ ಕೆಡವುವುದು. ಒಂದು ವಾರ ಕಡಿಮೆ, ಇನ್ನೊಂದು ವಾರ ಜಾಸ್ತಿ ಮಾಡಿದರೆ ಸರಾಸರಿ ಸರಿಹೋಗುತ್ತದಲ್ಲ ಎನ್ನುತ್ತಾರೆ. ಸರಿಹೋಗುವುದಿಲ್ಲ. ಬ್ರಿಟನ್ನಿನ ನಿಯಮದಲ್ಲಿ ಸರಾಸರಿ ಎಂಬುದೇ ಇಲ್ಲ. ವಾರವೆಂದರೆ ಸೋಮವಾರದಿಂದ ಭಾನುವಾರ, ಪ್ರತಿ ವಾರಕ್ಕೂ ಬೇರೆಯೇ ಲೆಕ್ಕ, ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ 20.

ದಾವಣಗೆರೆಯಿಂದ ಹೋದ ಒಬ್ಬ ಹುಡುಗಿ ಎಂದಿಟ್ಟುಕೊಳ್ಳಿ. ಬುಧವಾರ ಮತ್ತು ಶುಕ್ರವಾರ ಅಂಗಡಿಯಲ್ಲಿ ಆರಾರು ಗಂಟೆ. ಭಾನುವಾರ ವೇರ್‌ಹೌಸಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಎಂಟು ಗಂಟೆಯ ಶಿಫ್ಟ್. ಒಟ್ಟು 20, ಸರಿಯಾಗಿದೆ ಅಂದುಕೊಳ್ಳುತ್ತಾಳೆ. ಮುಂದಿನ ವಾರ ಮಂಗಳವಾರ ಎಂಟು, ಶನಿವಾರ ಎಂಟು, ಬರೀ 16 ಎಂದು ನೆಮ್ಮದಿಯಾಗಿರುತ್ತಾಳೆ. ಆದರೆ ಭಾನುವಾರ ರಾತ್ರಿ 12ಕ್ಕೆ ವಾರ ಮುಗಿಯಿತು. ಆ ಶಿಫ್ಟಿನ ಎರಡು ಗಂಟೆ ಮಾತ್ರ ಮೊದಲ ವಾರಕ್ಕೆ ಸೇರುತ್ತದೆ, ಉಳಿದ ಆರು ಗಂಟೆ ಹೊಸ ವಾರಕ್ಕೆ. ಮೊದಲ ವಾರ 14, ಎರಡನೆಯ ವಾರ 22. ನಿಯಮ ಮುರಿದಾಯಿತು, ಅವಳಿಗೆ ಗೊತ್ತೇ ಆಗಲಿಲ್ಲ. ಎರಡೂ ಕಡೆಯ ಮ್ಯಾನೇಜರುಗಳಿಗೆ ತಂತಮ್ಮ ಶಿಫ್ಟಿನ ಪಟ್ಟಿ ಸರಿಯಾಗಿಯೇ ಕಾಣುತ್ತದೆ. ಕೂಡಿಸಿ ನೋಡಬೇಕಾದವಳು ಅವಳೊಬ್ಬಳೇ. ಪ್ರತಿ ಶಿಫ್ಟನ್ನೂ ನಡುರಾತ್ರಿಗೆ ತುಂಡು ಮಾಡಿ ಬರೆದುಕೊಳ್ಳುವ ಒಂದು ಪುಸ್ತಕ ಅವಳಲ್ಲಿ ಇರಲೇಬೇಕು. ಆಸ್ಟ್ರೇಲಿಯಾದಲ್ಲಿ ಎರಡು ವಾರಕ್ಕೆ 48 ಗಂಟೆ ಎಂಬ ಲೆಕ್ಕವಿದೆಯಲ್ಲ ಎಂದು ಕೆಲವರು ಅದನ್ನೇ ಇಲ್ಲಿಗೂ ಅನ್ವಯಿಸುತ್ತಾರೆ. ಅಲ್ಲಿಯ ನಿಯಮ ಅಲ್ಲಿಗೆ.

‘ಜೂನ್ ಬಂದರೆ ರಜೆ, ಆಗ ಪೂರ್ತಿ ದುಡಿಯಬಹುದು’ ಎಂಬುದು ಮೂರನೆಯದು. ಬಿಎ, ಬಿಎಸ್ಸಿ ಓದುವವರಿಗೆ ಇದು ನಿಜ. ಆದರೆ ನಮ್ಮಿಂದ ಹೋಗುವವರಲ್ಲಿ ಬಹಳ ಮಂದಿ ಒಂದು ವರ್ಷದ ಮಾಸ್ಟರ್ಸ್‌ಗೆ ಹೋಗುವವರು. ಸೆಪ್ಟೆಂಬರ್‌ನಲ್ಲಿ ಸೇರಿದವರಿಗೆ ಬೇಸಿಗೆಯೆಂದರೆ ಡಿಸರ್ಟೇಶನ್ ಬರೆಯುವ ಕಾಲ. ತರಗತಿ ಇಲ್ಲ, ಕ್ಯಾಂಪಸ್ಸು ಖಾಲಿ, ಪಕ್ಕದ ರೂಮಿನ ಡಿಗ್ರಿ ಹುಡುಗರು 40 ಗಂಟೆ ದುಡಿಯುತ್ತಿರುತ್ತಾರೆ. ಆದರೂ ವೀಸಾದ ಕಣ್ಣಿಗೆ ಅದು ಟರ್ಮ್ ಕಾಲವೇ, ಮಿತಿ 20 ಗಂಟೆಯೇ. ಡಿಸರ್ಟೇಶನ್ನನ್ನು ಆಗಸ್ಟ್‌ನಲ್ಲೇ ಕೊಟ್ಟು ಮುಗಿಸಿದರೂ, ವಿಶ್ವವಿದ್ಯಾಲಯದ ದಾಖಲೆಯಲ್ಲಿರುವ ಕೋರ್ಸ್ ಮುಗಿಯುವ ದಿನಾಂಕದವರೆಗೆ ಕಾಯಬೇಕು. ಆ ದಿನಾಂಕ ದಾಟಿದ ಮೇಲೆ ವೀಸಾ ಉಳಿದಿರುವಷ್ಟು ಕಾಲ ಪೂರ್ತಿ ಹೊತ್ತು ದುಡಿಯಬಹುದು. ಈ ನಿಯಮ ಗೊಂದಲ ಹುಟ್ಟಿಸುತ್ತದೆ ಎನ್ನುವವರ ಜೊತೆ ನಾನೂ ಇದ್ದೇನೆ. ಮಾಸ್ಟರ್ಸ್ ವಿದ್ಯಾರ್ಥಿಯ ರಜೆ ಯಾವುದು ಎಂಬುದನ್ನು ದಿನಾಂಕದ ಸಮೇತ ಬರೆದು ಪ್ರತಿಯೊಬ್ಬರ ಕೈಗೆ ಕೊಡುವ ಹೊಣೆ ವಿಶ್ವವಿದ್ಯಾಲಯದ್ದು. ಆದರೆ ಗೊಂದಲವಿದೆ ಎಂಬುದು ದುಡಿಯಲು ಅನುಮತಿಯಾಗದು.

ನಾಲ್ಕನೆಯದನ್ನು ಸೀನಿಯರ್‌ಗಳು ಹೇಳುತ್ತಾರೆ: ‘ಕ್ಯಾಶ್ ತಗೊಂಡ್ರೆ ಯಾರಿಗೂ ಗೊತ್ತಾಗಲ್ಲ, ಇಲ್ಲಾಂದ್ರೆ ಬೇರೆಯವರ ಅಕೌಂಟಲ್ಲಿ ಫುಡ್ ಡೆಲಿವರಿ ಮಾಡು.’ ಆಪ್ ಮೂಲಕ ಮಾಡುವ ಡೆಲಿವರಿ ಸ್ವಂತ ಉದ್ಯೋಗವೆಂದು ಎಣಿಕೆಯಾಗುತ್ತದೆ. ವಿದ್ಯಾರ್ಥಿ ವೀಸಾದಲ್ಲಿ ಅದು 20 ಗಂಟೆಯೊಳಗೂ ಇಲ್ಲ, ರಜೆಯಲ್ಲೂ ಇಲ್ಲ, ಒಂದು ಗಂಟೆಯೂ ಇಲ್ಲ. ಇನ್ನು ಕ್ಯಾಶ್ ಕೊಡುವ ಮಾಲೀಕ ಕನಿಷ್ಠ ವೇತನ ಕೊಡದಿದ್ದರೆ, ತಿಂಗಳ ಕೊನೆಗೆ ಕೈಯೆತ್ತಿದರೆ, ಹುಡುಗ ದೂರು ಕೊಡಲು ಹೆದರುತ್ತಾನೆ. ಅವನ ಆ ಹೆದರಿಕೆಯ ಮೇಲೆಯೇ ಮಾಲೀಕನ ಲಾಭ ನಿಂತಿದೆ. 2016ರ ವಲಸೆ ಕಾಯ್ದೆಯ ಪ್ರಕಾರ ತಿಳಿದೂ ಅಕ್ರಮವಾಗಿ ದುಡಿಯುವುದು ಅಪರಾಧ, ಆ ಸಂಬಳವನ್ನು ಅಪರಾಧದ ಗಳಿಕೆಯೆಂದು ಮುಟ್ಟುಗೋಲು ಹಾಕಿಕೊಳ್ಳಲೂಬಹುದು. ಬ್ಯಾಂಕಿಗೆ ಬರುವ ಸಂಬಳವಾದರೋ ಪ್ರತಿ ಸಲವೂ ತೆರಿಗೆ ಇಲಾಖೆಗೆ ವರದಿಯಾಗುತ್ತದೆ. ಎರಡು ಕೆಲಸದ ಸಂಬಳವೂ ಒಂದೇ ನ್ಯಾಷನಲ್ ಇನ್ಶೂರೆನ್ಸ್ ನಂಬರಿನಡಿ ಸೇರುತ್ತದೆ, ಆ ಮಾಹಿತಿ ವಲಸೆ ಇಲಾಖೆಗೂ ಸಿಗುತ್ತದೆ.

ಕೊನೆಯದು ಶಿಕ್ಷೆಯ ಮಾತು. ಎರಡು ಗಂಟೆ ಹೆಚ್ಚಾದದ್ದಕ್ಕೆ ವೀಸಾ ರದ್ದು ಮಾಡುವುದು ಕ್ರೌರ್ಯವಲ್ಲವೇ? ಎರಡು ಗಂಟೆಗೂ ಇಪ್ಪತ್ತು ವಾರಗಳ ಕಳ್ಳ ದುಡಿಮೆಗೂ ಶಿಕ್ಷೆ ಒಂದೇ ಆಗಬಾರದು ಎಂಬುದನ್ನು ನಾನು ಒಪ್ಪುತ್ತೇನೆ. ರದ್ದು ಮಾಡುವುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು, ಪ್ರತಿ ಸಲವೂ ಹಾಗಾಗುವುದಿಲ್ಲ. ಆದರೆ ಭಾರ ಯಾರ ಮೇಲೆ ಬೀಳುತ್ತದೆ ನೋಡಿ. ಅಕ್ರಮವಾಗಿ ದುಡಿಸಿಕೊಂಡ ಮಾಲೀಕನಿಗೆ 2024ರ ಫೆಬ್ರವರಿಯಿಂದ ಮೊದಲ ಸಲವಾದರೆ ತಲಾ 45,000 ಪೌಂಡ್‌ವರೆಗೆ, ಮತ್ತೆ ಸಿಕ್ಕಿಬಿದ್ದರೆ 60,000ದವರೆಗೆ ದಂಡವಿದೆ. ಆದರೆ ನೇಮಕದ ಮೊದಲು ವೀಸಾ ಪರಿಶೀಲಿಸಿ, ಟರ್ಮ್ ದಿನಾಂಕಗಳ ದಾಖಲೆ ಇಟ್ಟುಕೊಂಡ ಮಾಲೀಕ ಆ ಕಾಗದ ತೋರಿಸಿ ಪಾರಾಗಬಹುದು. ವಿದ್ಯಾರ್ಥಿಗೆ ಅಂಥ ಕಾಗದವಿಲ್ಲ. ವಿಷಯ ತಿಳಿದರೆ ವಿಶ್ವವಿದ್ಯಾಲಯ ವಲಸೆ ಇಲಾಖೆಗೆ ವರದಿ ಮಾಡಬೇಕಾಗುತ್ತದೆ, ವೀಸಾ ಹೋದರೆ ಓದು ಅಲ್ಲಿಗೇ ನಿಲ್ಲುತ್ತದೆ, ಸಾಲ ಮಾತ್ರ ಊರಲ್ಲಿ ಉಳಿದಿರುತ್ತದೆ.

ಹಾಗಾದರೆ ಈಗಾಗಲೇ ಮಿತಿ ಮೀರಿದವರು ಬಾಯಿ ಮುಚ್ಚಿಕೊಂಡಿರುವುದೇ ಜಾಣತನವಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಮೊದಲು ಹೆಚ್ಚುವರಿ ಶಿಫ್ಟ್ ನಿಲ್ಲಿಸಬೇಕು, ಪೇಸ್ಲಿಪ್‌ಗಳನ್ನೂ ಶಿಫ್ಟಿನ ಪಟ್ಟಿಗಳನ್ನೂ ಒಟ್ಟುಮಾಡಿ ಯಾವ ವಾರ ಎಷ್ಟು ಗಂಟೆ ಎಂದು ಬರೆಯಬೇಕು, ಆಮೇಲೆ ಅಧಿಕೃತ ವಲಸೆ ಸಲಹೆಗಾರರನ್ನು ಕಾಣಬೇಕು. ಮುಂದಿನ ವೀಸಾ ಅರ್ಜಿಯಲ್ಲಿ ಹಿಂದೆ ಷರತ್ತು ಮುರಿದಿದ್ದೀರಾ ಎಂಬ ಪ್ರಶ್ನೆ ಬಂದಾಗ ಸುಳ್ಳು ಹೇಳಿದರೆ ಅದು ವಂಚನೆಯಾಗುತ್ತದೆ. ಎರಡು ಗಂಟೆಯ ತಪ್ಪನ್ನು ವಿವರಿಸಿ ಉಳಿದುಕೊಳ್ಳುವ ದಾರಿ ಇರಬಹುದು, ವಂಚನೆಗಾದರೋ ಆ ದೇಶಕ್ಕೆ ಹತ್ತು ವರ್ಷ ವೀಸಾ ಸಿಗದಂತೆ ಆಗಬಹುದು.