ತಿಂಗಳನ್ನು ಅಕ್ಷರದಲ್ಲೇ ಬರೆಯೋಣ

ಇಂಗ್ಲಿಷ್‌ನಲ್ಲಿ ಇರುವ ದಿನಾಂಕವನ್ನು ಕನ್ನಡಕ್ಕೆ ಇಳಿಸುವುದು ಅಂದರೆ ಅಂಕಿ ಬದಲಾಯಿಸುವುದು ಅಷ್ಟೇ ಎಂದು ನಮ್ಮ ತರಗತಿಯಲ್ಲಿ ಬಹಳಷ್ಟು ಜನ ತಿಳಿದಿದ್ದಾರೆ. 6 ಇದ್ದಲ್ಲಿ ೬, 9 ಇದ್ದಲ್ಲಿ ೯, ಮುಗಿಯಿತು. ಹಾಗೆ ಮಾಡಿದಾಗಲೇ ದಿನಾಂಕ ಹೆಚ್ಚು ಕೆಡುತ್ತದೆ ಎಂಬುದು ನನ್ನ ಅಭಿಪ್ರಾಯ. ತಿಂಗಳನ್ನು ಅಂಕಿಯಲ್ಲಿ ಬರೆಯಲೇಬಾರದು, ಅದರ ಹೆಸರನ್ನು ಅಕ್ಷರದಲ್ಲಿ ಬರೆಯಬೇಕು. ನಮ್ಮ ಕಾಲೇಜಿನ ಕಚೇರಿಯೂ ಇದನ್ನು ರೂಢಿ ಮಾಡಿಕೊಳ್ಳಬೇಕು.

ನನ್ನ ಖಾಲಾ ಮಗಳ ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ದಿನ 06-09-2008 ಎಂದಿದೆ. ನಮ್ಮ ದೇಶದಲ್ಲಿ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಆದ್ದರಿಂದ ಇದು ಸೆಪ್ಟೆಂಬರ್ ಆರು. ಅವಳನ್ನು ಒಂದನೇ ತರಗತಿಗೆ ಸೇರಿಸುವಾಗ ಯಾರೋ ಪುಣ್ಯಾತ್ಮರು ಅರ್ಜಿಯನ್ನು ಕನ್ನಡದಲ್ಲಿ ತುಂಬಿಕೊಟ್ಟರು: ೦೬-೦೯-೨೦೦೮. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆ ಅರ್ಜಿ ನೋಡಿ ದಾಖಲಾತಿ ಪುಸ್ತಕಕ್ಕೆ ಏರಿಸಿದವರು ೦೯-೦೬-೨೦೦೮ ಎಂದು ಬರೆದುಕೊಂಡರು. ೬ ಮತ್ತು ೯ ಎರಡನ್ನೂ ಪಕ್ಕದಲ್ಲಿಟ್ಟು ಒಮ್ಮೆ ನೋಡಿ. ಅಚ್ಚಿನಲ್ಲಿ ವ್ಯತ್ಯಾಸ ಕಾಣುತ್ತದೆ. ಕೈಬರಹದಲ್ಲಿ, ಅದೂ ಜೂನ್ ತಿಂಗಳ ಪ್ರವೇಶದ ಗದ್ದಲದಲ್ಲಿ ಬರೆದದ್ದಾದರೆ, ಆ ಸುರುಳಿ ಯಾವ ಕಡೆಗೆ ಹೋಯಿತು ಎಂದು ಹೇಳುವುದು ಕಷ್ಟ. ಅದೇ ಸಾಲಿನಲ್ಲಿ ‘ಅಕ್ಷರಗಳಲ್ಲಿ’ ಎಂಬ ಒಂದು ಕಲಂ ಇತ್ತು. ಅಲ್ಲಿ ಬರೀ ಒಂದು ಗೆರೆ ಎಳೆದಿದ್ದರು.

ಈ ತಪ್ಪು ಒಂಬತ್ತನೇ ತರಗತಿಯವರೆಗೆ ಯಾರ ಕಣ್ಣಿಗೂ ಬೀಳಲಿಲ್ಲ. ಏಕೆ ಬೀಳಲಿಲ್ಲ ಎಂಬುದೇ ಮುಖ್ಯ. 25-09 ಅನ್ನು ತಿರುಗಿಸಿ 09-25 ಎಂದು ಬರೆದರೆ ಯಾರಾದರೂ ನಗುತ್ತಾರೆ, ಇಪ್ಪತ್ತೈದನೇ ತಿಂಗಳು ಎಲ್ಲಿದೆ ಎಂದು ಕೇಳುತ್ತಾರೆ. ದಿನವೂ ತಿಂಗಳೂ ಎರಡೂ 12ರ ಒಳಗಿದ್ದರೆ ಮಾತ್ರ ತಪ್ಪು ದಿನಾಂಕವೂ ಸರಿಯಾದ ದಿನಾಂಕದಂತೆಯೇ ಕಾಣುತ್ತದೆ. ಜೂನ್ 9 ಕ್ಯಾಲೆಂಡರಿನಲ್ಲಿ ಇದೆ, ಸೆಪ್ಟೆಂಬರ್ 6 ಕೂಡ ಇದೆ. ಹಾಗಾಗಿ ಪ್ರತಿ ತಿಂಗಳ ಮೊದಲ ಹನ್ನೆರಡು ದಿನಗಳಲ್ಲಿ ಹುಟ್ಟಿದವರು ತಮ್ಮ ದಾಖಲೆಗಳನ್ನು ಇವತ್ತೇ ಒಂದು ಸಲ ನೋಡಿಕೊಳ್ಳುವುದು ಒಳ್ಳೆಯದು. ಒಂದೂ ಒಂದೂ, ಎರಡೂ ಎರಡೂ ಎಂದು ದಿನ-ತಿಂಗಳು ಒಂದೇ ಆದವರು ಮಾತ್ರ ಅದೃಷ್ಟವಂತರು, ತಿರುಗಿಸಿದರೂ ಅದೇ.

ಅವಳ ವಿಷಯದಲ್ಲಿ ಅನುಮಾನ ಬಂದದ್ದು ಕಾಗದದಿಂದಲ್ಲ, ನಾನಿಯ ನೆನಪಿನಿಂದ. ಹತ್ತನೇ ತರಗತಿಯ ಪರೀಕ್ಷೆಯ ನೋಂದಣಿಗೆ ವಿವರ ಕೊಡುವ ಮೊದಲು ಶಾಲೆಯವರು ಒಂದು ಪಟ್ಟಿ ಮನೆಗೆ ಕಳಿಸಿದ್ದರು. ಅದರಲ್ಲಿ ಜೂನ್ ಎಂದು ಓದಿದ ಕೂಡಲೇ ನಾನಿ, ‘ಇವಳು ರಂಜಾನಿನಲ್ಲಿ ಹುಟ್ಟಿದವಳಲ್ಲವಾ, ಜೂನ್ ಹೇಗಾಗುತ್ತೆ’ ಅಂದರು. 2008ರಲ್ಲಿ ರಂಜಾನ್ ಶುರುವಾದದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ, ಈದ್ ಬಂದದ್ದು ಅಕ್ಟೋಬರ್ ಆರಂಭದಲ್ಲಿ. ಜೊತೆಗೆ ಹುಟ್ಟಿದ ವಾರ ಶನಿವಾರ ಎಂಬುದೂ ನಾನಿಗೆ ನೆನಪಿತ್ತು. 2008ರ ಸೆಪ್ಟೆಂಬರ್ 6 ಶನಿವಾರವೇ, ಜೂನ್ 9 ಸೋಮವಾರ. ಎರಡು ಸಾಕ್ಷಿ ಒಂದೇ ಕಡೆ ಬೆರಳು ತೋರಿಸಿದ ಮೇಲೆ ಜನನ ಪ್ರಮಾಣಪತ್ರ ಹುಡುಕಿ ತೆಗೆದರು. ನೋಂದಣಿಗೆ ಮೊದಲೇ ಸಿಕ್ಕಿದ್ದರಿಂದ ಆಯಿತು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಅಚ್ಚಾಗಿಬಿಟ್ಟಿದ್ದರೆ ಅದನ್ನೇ ಮುಂದೆ ಎಲ್ಲ ಕಡೆ ಹುಟ್ಟಿದ ದಿನದ ದಾಖಲೆ ಎಂದು ಕೇಳುತ್ತಾರೆ.

ಎರಡರ ನಡುವೆ ಇರುವುದು 89 ದಿನ. ಇಷ್ಟರಲ್ಲಿ ಏನು ಮಹಾ ಎಂದು ಕೇಳುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಮತದಾರರ ಪಟ್ಟಿಗೆ ಸೇರಲು ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಆ ದಿನಕ್ಕೆ 18 ತುಂಬಿರಬೇಕು. ಜೂನ್ 9ರ ಹುಡುಗಿ 2026ರ ಜುಲೈ 1ಕ್ಕೆ ಅರ್ಹಳು. ಸೆಪ್ಟೆಂಬರ್ 6ರ ಹುಡುಗಿ ಅಕ್ಟೋಬರ್ 1ರವರೆಗೆ ಕಾಯಬೇಕು. ಒಬ್ಬಳೇ ಹುಡುಗಿ, ಒಂದು ಕಾಗದದ ಪ್ರಕಾರ ಅರ್ಹಳು, ಇನ್ನೊಂದರ ಪ್ರಕಾರ ಅಲ್ಲ. ಇನ್ನು ಎರಡು ದಾಖಲೆಗಳಲ್ಲಿ ಎರಡು ದಿನಾಂಕ ಇದ್ದರೆ ವಿದ್ಯಾರ್ಥಿವೇತನದ ಅರ್ಜಿ ಎಲ್ಲಿ ನಿಲ್ಲುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಕಥೆಯಿಂದ ಇನ್ನೊಂದು ತಪ್ಪು ಪಾಠ ಕಲಿಯುವ ಅಪಾಯವೂ ಇದೆ. ನಾನಿಯ ರಂಜಾನ್ ದಿನಾಂಕವನ್ನು ಪರೀಕ್ಷಿಸಲು ನೆರವಾಯಿತು, ನಿಜ. ಆದರೆ ಸೆಪ್ಟೆಂಬರ್ ಎಂದರೆ ರಂಜಾನ್ ಅಲ್ಲ. ಹಿಜರಿ ವರ್ಷ ಸುಮಾರು 11 ದಿನ ಚಿಕ್ಕದು, ಪ್ರತಿ ವರ್ಷ ಹಿಂದೆ ಸರಿಯುತ್ತದೆ, 2026ರಲ್ಲಿ ರಂಜಾನ್ ಶುರುವಾಗುವುದು ಫೆಬ್ರವರಿಯಲ್ಲಿ. ಇದೇ ಮಾತು ಚೈತ್ರ ವೈಶಾಖಕ್ಕೂ ಅನ್ವಯಿಸುತ್ತದೆ. ಶುದ್ಧ ಕನ್ನಡದಲ್ಲಿ ಬರೆಯುತ್ತೇನೆ ಎಂದು ಮಾರ್ಚ್ ಇದ್ದಲ್ಲಿ ಚೈತ್ರ, ಸೆಪ್ಟೆಂಬರ್ ಇದ್ದಲ್ಲಿ ಭಾದ್ರಪದ ಎಂದು ಹಾಕುವವರನ್ನು ನೋಡಿದ್ದೇನೆ. ಚೈತ್ರ ಯುಗಾದಿಯಿಂದ ಶುರು. ಆ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ ಬಂತು, 2025ರಲ್ಲಿ ಮಾರ್ಚ್ 30ಕ್ಕೆ. ಹಾಗಾದರೆ 2024ರ ಮಾರ್ಚ್ ತಿಂಗಳಲ್ಲಿ ಚೈತ್ರದ ಒಂದು ದಿನವೂ ಇರಲಿಲ್ಲ. ರಾಜ್ಯಪತ್ರದ ತಲೆಯ ಮೇಲೆ ಇಂಗ್ಲಿಷ್ ತಿಂಗಳ ದಿನಾಂಕವೂ ಶಕವರ್ಷದ ದಿನಾಂಕವೂ ಜೊತೆಯಲ್ಲಿ ಇರುತ್ತವೆ, ಆದರೆ ಅವು ಎರಡು ಬೇರೆ ಬೇರೆ ಲೆಕ್ಕಗಳು, ಒಂದು ಇನ್ನೊಂದರ ಅನುವಾದ ಅಲ್ಲ. ಪ್ರಮಾಣಪತ್ರದ ಮಾರ್ಚ್ ಕನ್ನಡದಲ್ಲೂ ಮಾರ್ಚ್.

ಹೆಸರನ್ನು ಬರೆಯುವಾಗ ಉರ್ದು ಮಾತನಾಡುವ ಮನೆಗಳವರು, ಅಂದರೆ ನಮ್ಮಲ್ಲಿ ತುಂಬ ಜನ, ಸ್ವಲ್ಪ ಜಾಗ್ರತೆ ವಹಿಸಬೇಕು. ಮನೆಯಲ್ಲಿ ನಮ್ಮ ಬಾಯಿಗೆ ಬರುವುದು ಫರವರಿ, ಅಗಸ್ತ್, ಸಿತಂಬರ್, ಅಕ್ತೂಬರ್, ದಿಸಂಬರ್. ಮಾತಿಗೆ ಅದು ಸರಿಯೇ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಕನ್ನಡದ ದಾಖಲೆಯಲ್ಲಿ ಮಾತ್ರ ಫೆಬ್ರವರಿ, ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್, ಡಿಸೆಂಬರ್. ಇದಕ್ಕಿಂತ ದೊಡ್ಡ ಅಪಾಯ ಸಂಕ್ಷೇಪದಲ್ಲಿದೆ. ಜಾಗ ಸಾಲದು ಎಂದು ಜೂನ್‌ಗೆ ಜೂ., ಜುಲೈಗೆ ಜು. ಎಂದು ಬರೆದರೆ ಎರಡು ತಿಂಗಳ ನಡುವೆ ಉಳಿಯುವುದು ಒಂದು ದೀರ್ಘ ಮಾತ್ರ. ಜೆರಾಕ್ಸ್ ಯಂತ್ರ ಆ ದೀರ್ಘವನ್ನು ತಿಂದುಹಾಕಿದರೆ ಗೊತ್ತೂ ಆಗುವುದಿಲ್ಲ.

ವರ್ಷ ಮತ್ತು ದಿನವನ್ನು ಅಕ್ಷರದಲ್ಲಿ ಬರೆಯುವಾಗ ನಮ್ಮ ಕಿವಿಯೇ ನಮಗೆ ಅಡ್ಡ ಬರುತ್ತದೆ. ಉರ್ದುವಿನಲ್ಲಿ 27 ಎಂದರೆ ಸತ್ತಾಈಸ್, ಏಳು ಮೊದಲು, ಇಪ್ಪತ್ತು ಆಮೇಲೆ. ಕನ್ನಡದಲ್ಲಿ ಇಪ್ಪತ್ತೇಳು, ಬರೆದ ಕ್ರಮದಲ್ಲೇ. 29 ಇನ್ನೂ ತಮಾಷೆ: ಉನ್‌ತೀಸ್ ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಕಿವಿಗೆ ಬೀಳುವುದು ತೀಸ್, ಕೈ ಬರೆಯುವುದು ಮೂವತ್ತು. ಕನ್ನಡ ಇಲ್ಲಿ ಸುಲಭ, ಇಪ್ಪತ್ತೊಂಬತ್ತು ಎಂದು ನೇರವಾಗಿ ಹೇಳುತ್ತದೆ. ಆದರೆ ಕನ್ನಡದ್ದೇ ಒಂದು ಗುಂಡಿ ಇದೆ: ಒಂಬತ್ತು, ಎಂಬತ್ತು, ತೊಂಬತ್ತು. ಒಂದು 9, ಒಂದು 80, ಒಂದು 90. ಅಪ್ಪ ಅಮ್ಮಂದಿರ ಹುಟ್ಟಿದ ವರ್ಷ ಬರೆಯುವಾಗ ಇದು ಬೇಕಾಗುತ್ತದೆ. 1980 ಎಂದರೆ ಸಾವಿರದ ಒಂಬೈನೂರ ಎಂಬತ್ತು. 2008 ಎಂದರೆ ಎರಡು ಸಾವಿರದ ಎಂಟು. ಆ ‘ದ’ ಬಿಟ್ಟು ‘ಎರಡು ಸಾವಿರ ಎಂಟು’ ಎಂದರೆ ಅರ್ಥ ಕೆಡದಿದ್ದರೂ ಕನ್ನಡ ಮೇಡಂ ಕೆಂಪು ಗೆರೆ ಎಳೆಯುತ್ತಾರೆ. ಪೂರ್ತಿಯಾಗಿ ಬರೆದರೆ ಹೀಗೆ: ಎರಡು ಸಾವಿರದ ಎಂಟನೇ ಇಸವಿ ಸೆಪ್ಟೆಂಬರ್ ತಿಂಗಳ ಆರನೇ ತಾರೀಖು. (ಇಸವಿ, ತಾರೀಖು ಎರಡೂ ನಮ್ಮ ಮನೆಯ ಮಾತುಗಳೇ. ಕನ್ನಡ ದಾಖಲೆ ಪರಕೀಯ ಎಂದು ಅನಿಸುವವರು ಇದನ್ನು ಗಮನಿಸಬಹುದು. ದಾಖಲೆ ಎಂಬ ಮಾತೂ ಹಾಗೆಯೇ.)

ಕನ್ನಡ ಅಂಕಿಗಳೇ ಬೇಡ, ಎಲ್ಲ ಕಡೆ 6 ಮತ್ತು 9 ಬರೆದರೆ ಸಾಕಲ್ಲ ಎಂದು ನನ್ನ ಬೆಂಚಿನವನು ವಾದಿಸುತ್ತಾನೆ. ನನಗೆ ಅದು ಒಪ್ಪಿಗೆ ಇಲ್ಲ. 6 ಮತ್ತು 9 ಕೂಡ ಒಂದನ್ನೊಂದು ತಲೆಕೆಳಗು ಮಾಡಿದ ಹಾಗೇ ಇವೆ, ಮತ್ತು 06-09 ಅನ್ನು ಅಮೆರಿಕದವರು ಜೂನ್ ಒಂಬತ್ತು ಎಂದೇ ಓದುತ್ತಾರೆ, ಅಲ್ಲಿ ತಿಂಗಳು ಮೊದಲು. ಅಲ್ಲಿನ ಸಂಸ್ಥೆಗಳ ಆನ್‌ಲೈನ್ ಕೋರ್ಸ್ ಮುಗಿಸಿ ಪ್ರಮಾಣಪತ್ರ ಪಡೆಯುವವರು ನಮ್ಮಲ್ಲೂ ಇದ್ದಾರೆ. ಅಂಕಿ ಯಾವ ಲಿಪಿಯದಾದರೂ ಈ ತೊಂದರೆ ಹೋಗುವುದಿಲ್ಲ. ತಿಂಗಳ ಹೆಸರು ಬರೆದ ಕ್ಷಣ ಹೋಗುತ್ತದೆ. ೬ ಸೆಪ್ಟೆಂಬರ್ ೨೦೦೮ ಎಂದು ಬರೆದ ಮೇಲೆ ಅದನ್ನು ಜೂನ್ ಮಾಡಲು ಯಾರಿಂದಲೂ ಆಗದು. ಹೆಚ್ಚೆಂದರೆ ೬ ಅನ್ನು ೯ ಎಂದು ಓದಿ ಮೂರು ದಿನ ತಪ್ಪಬಹುದು, ಅದನ್ನು ‘ಆರನೇ’ ಎಂಬ ಮಾತು ತಡೆಯುತ್ತದೆ. ಎರಡು ಲಿಪಿಗಳನ್ನು ಒಂದೇ ದಿನಾಂಕದಲ್ಲಿ ಬೆರೆಸಿ ‘೦6’ ಎಂದು ಬರೆಯುವುದನ್ನಂತೂ ನಿಲ್ಲಿಸಬೇಕು. ಮಸುಕಾದ ಪ್ರತಿಯಲ್ಲಿ ೧ರ ಬಾಯಿ ಮುಚ್ಚಿಕೊಂಡು ೦ ಆಗುವುದು ಈಗಲೇ ಸಾಕಷ್ಟಿದೆ.

ವಾಣಿಜ್ಯ ವಿಭಾಗದವರಿಗೆ ಇದು ಹೊಸದೇನಲ್ಲ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇವೆ. ಎರಡೂ ಬೇರೆಯಾದರೆ ಅಕ್ಷರದಲ್ಲಿ ಬರೆದದ್ದೇ ಮೊತ್ತ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಐನೂರು ರೂಪಾಯಿಗೆ ಸಿಗುವ ಈ ರಕ್ಷಣೆ ಒಬ್ಬರ ಹುಟ್ಟಿದ ದಿನಕ್ಕೆ ಏಕೆ ಬೇಡ?

ಕಚೇರಿಯವರಲ್ಲಿ ನನ್ನ ಕೋರಿಕೆ ಇಷ್ಟು. ವ್ಯಾಸಂಗ ಪ್ರಮಾಣಪತ್ರದ ಮಾದರಿಯಲ್ಲಿ ಈಗ ದಿನಾಂಕಕ್ಕೆ ಎಂಟು ಚೌಕಗಳಿವೆ. ನಡುವಿನ ಎರಡು ಚೌಕ ತೆಗೆದು ಅಲ್ಲಿ ಒಂದು ಗೆರೆ ಬಿಟ್ಟರೆ ತಿಂಗಳ ಹೆಸರು ಹಿಡಿಸುತ್ತದೆ, ಸೆಪ್ಟೆಂಬರ್ ಕೂಡ. ‘ಅಕ್ಷರಗಳಲ್ಲಿ’ ಎಂಬ ಕಲಮನ್ನು ಖಾಲಿ ಬಿಟ್ಟ ಅರ್ಜಿಯನ್ನು ಕೌಂಟರಿನಲ್ಲೇ ವಾಪಸ್ ಕೊಡಿ, ನಾವು ಅಲ್ಲೇ ನಿಂತು ತುಂಬಿಕೊಡುತ್ತೇವೆ. ಕ್ರೀಡಾಕೂಟದ ಪ್ರಮಾಣಪತ್ರಗಳು ಇನ್ನೂ ಅಚ್ಚಿಗೆ ಹೋಗಿಲ್ಲ ಎಂದು ಕೇಳಿದೆ. ಅವುಗಳಿಂದಲೇ ಶುರು ಮಾಡಬಹುದು.