ಅಜ್ಜನ ಲೆಕ್ಕ: 510 ಯೂನಿಟ್‌ನ ಬಿಲ್ಲು

ಮಕ್ಕಳೇ, ಈ ವಾರದ ಲೆಕ್ಕದಲ್ಲಿ ಸೋತವನು ನಾನು, ಗೆದ್ದವನು ನನ್ನ ಮೊಮ್ಮಗ ಪುಟ್ಟ. ಓದುವ ಮೊದಲು ಮನೆಯ ಕರೆಂಟ್ ಬಿಲ್ಲೊಂದನ್ನು ಹುಡುಕಿ ತನ್ನಿ. ಅಜ್ಜನೋ ಅಜ್ಜಿಯೋ ಇದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

2024ರ ಜೂನ್ 1ನೇ ತಾರೀಕು ಮೀಟರ್ ಓದುವವರು ಬಂದು, ಕೈಯಲ್ಲಿದ್ದ ಯಂತ್ರದಿಂದ ಉದ್ದನೆಯ ಚೀಟಿ ಹರಿದು ಕೊಟ್ಟು ಹೋದರು. ಸಾಮಾನ್ಯವಾಗಿ ನಮ್ಮ ಬಿಲ್ಲು 1,600 ರೂಪಾಯಿಯ ಆಸುಪಾಸು ಬರುತ್ತಿತ್ತು. ಆ ದಿನ ಚೀಟಿಯಲ್ಲಿದ್ದದ್ದು 3,520 ರೂಪಾಯಿ. ನನಗೆ ಸಿಟ್ಟು ನೆತ್ತಿಗೇರಿತು. ಆರನೇ ತರಗತಿಗೆ ಕಾಲಿಡುತ್ತಿದ್ದ ಪುಟ್ಟ ಬೇಸಿಗೆ ರಜೆಯೆಲ್ಲ ಮನೆಯಲ್ಲೇ ಇದ್ದ. "ಹಗಲೂ ರಾತ್ರಿ ಫ್ಯಾನ್ ಹಾಕಿಕೊಂಡು ಬಿದ್ದಿರುತ್ತೀಯಲ್ಲ, ನೋಡು ಅದರ ಫಲ!" ಎಂದು ಚೀಟಿಯನ್ನು ಅವನ ಮುಂದೆ ಹಿಡಿದೆ. ಅವನು ಮಾತಾಡಲಿಲ್ಲ.

ಎರಡು ದಿನ ಕಳೆದ ಮೇಲೆ ರಾತ್ರಿ ನೀರು ಕುಡಿಯಲು ಎದ್ದವನು ಅವನ ಕೋಣೆಗೆ ಇಣುಕಿದೆ. ಫ್ಯಾನ್ ನಿಂತಿತ್ತು. ಹುಡುಗ ಬರೀ ನೆಲದ ಮೇಲೆ ಮಲಗಿದ್ದ, ಬನಿಯನ್ ಬೆವರಿಗೆ ಒದ್ದೆಯಾಗಿತ್ತು. "ಯಾಕೋ, ಫ್ಯಾನ್ ಹಾಕಿಲ್ಲ?" ಎಂದೆ.

"ಬಿಲ್ಲು ಬರುತ್ತಲ್ಲ, ಅಜ್ಜ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ಫ್ಯಾನ್ ಒಂದು ರಾತ್ರಿಗೆ ಎಷ್ಟು ರೂಪಾಯಿ ಕರೆಂಟ್ ತಿನ್ನುತ್ತೆ?" ಎಂದು ಕೇಳಿದ.

ಬ್ಯಾಂಕಿನಲ್ಲಿ ಜೀವಮಾನವೆಲ್ಲ ಊರಿನವರ ಹಣ ಎಣಿಸಿದವನು ನಾನು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಲೆಕ್ಕ ಮಾಡದೆಯೇ ತೀರ್ಪು ಕೊಟ್ಟುಬಿಟ್ಟಿದ್ದೆ.

ಬೆಳಗ್ಗೆ ಕಾಫಿ ಆದ ಮೇಲೆ ಇಬ್ಬರೂ ಜಗಲಿಯಲ್ಲಿ ಕಾಗದ, ಪೆನ್ಸಿಲ್ ಹಿಡಿದು ಕೂತೆವು. ಮೊದಲು ಫ್ಯಾನಿನ ಲೆಕ್ಕ. 1,000 ವ್ಯಾಟ್‌ನ ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಪುಟ್ಟನ ಕೋಣೆಯದು 75 ವ್ಯಾಟ್‌ನ ಹಳೆಯ ಫ್ಯಾನ್. ಎಂಟು ಗಂಟೆ ತಿರುಗಿದರೆ 600 ಆಯಿತು, ಅಂದರೆ ಮುಕ್ಕಾಲು ಯೂನಿಟ್ಟೂ ಅಲ್ಲ, 0.6 ಯೂನಿಟ್. ಆಗ ಕರ್ನಾಟಕದಲ್ಲಿ ಮನೆಗಳಿಗೆ ಯೂನಿಟ್ಟಿಗೆ 5 ರೂಪಾಯಿ 90 ಪೈಸೆ ದರವಿತ್ತು. ಒಂದು ರಾತ್ರಿಗೆ 3 ರೂಪಾಯಿ 54 ಪೈಸೆ. ಮೂವತ್ತು ರಾತ್ರಿಗೆ 106 ರೂಪಾಯಿ 20 ಪೈಸೆ.

ಪುಟ್ಟ ನನ್ನ ಮುಖ ನೋಡಿದ. ಬಿಲ್ಲು ಏರಿದ್ದು ಸುಮಾರು 1,900 ರೂಪಾಯಿ. ತಿಂಗಳಿಗೆ 106 ರೂಪಾಯಿಯ ಫ್ಯಾನ್ ಅದನ್ನು ಹೇಗೆ ಏರಿಸೀತು? ಬಿಲ್ಲನ್ನೇ ಓದಬೇಕಾಯಿತು.

ಕರೆಂಟ್ ಬಿಲ್ಲು ಒಂದು ಪಾಸ್‌ಬುಕ್ ಇದ್ದ ಹಾಗೆ. ಅದರಲ್ಲಿ 'ಹಿಂದಿನ ಮಾಪನ' ಎಂದರೆ ತಿಂಗಳ ಆರಂಭದ ಶಿಲ್ಕು, 'ಇಂದಿನ ಮಾಪನ' ಎಂದರೆ ಕೊನೆಯ ಶಿಲ್ಕು. ಎರಡರ ವ್ಯತ್ಯಾಸವೇ ನಾವು ಬಳಸಿದ ಯೂನಿಟ್. ನಮ್ಮ ಬಿಲ್ಲಿನಲ್ಲಿ ಹಿಂದಿನದು 14310, ಇಂದಿನದು 14820. ಕಳೆದರೆ 510.

ಇನ್ನು ಹಣದ ಸಾಲುಗಳು. ಮೊದಲನೆಯದು ನಿಗದಿತ ಶುಲ್ಕ. ಇದು ಬ್ಯಾಂಕ್ ಲಾಕರಿನ ಬಾಡಿಗೆಯಂತೆ. ವರ್ಷದಲ್ಲಿ ಒಮ್ಮೆಯೂ ಲಾಕರ್ ತೆರೆಯದಿದ್ದರೂ ಬಾಡಿಗೆ ತಪ್ಪುವುದಿಲ್ಲ. ಹಾಗೆಯೇ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳನ್ನು ನಮಗಾಗಿ ಸಿದ್ಧವಾಗಿ ಇಟ್ಟಿರುವುದಕ್ಕೆ ಪ್ರತಿ ತಿಂಗಳು ಕೊಡುವ ಹಣ ಇದು. ನಾವು ಎಷ್ಟು ಬಳಸಿದೆವು ಎಂಬುದರ ಮೇಲಲ್ಲ, ಮನೆಗೆ ಎಷ್ಟು ಕಿಲೋವ್ಯಾಟ್ ಲೋಡ್ ಮಂಜೂರಾಗಿದೆ ಎಂಬುದರ ಮೇಲೆ ಇದನ್ನು ಹಾಕುತ್ತಾರೆ. ನಮ್ಮದು 2 ಕಿಲೋವ್ಯಾಟ್, ಆಗ ಕಿಲೋವ್ಯಾಟ್‌ಗೆ 120 ರೂಪಾಯಿ, ಒಟ್ಟು 240.

ಎರಡನೆಯದು ವಿದ್ಯುತ್ ಶುಲ್ಕ, ಅಂದರೆ ಬಳಸಿದ ಕರೆಂಟಿನ ಬೆಲೆ. 510 ಯೂನಿಟ್ಟಿಗೆ 5.90ರಂತೆ 3,009 ರೂಪಾಯಿ. ಮೂರನೆಯದು ತೆರಿಗೆ. ಇದು ರಾಜ್ಯ ಸರ್ಕಾರಕ್ಕೆ ಹೋಗುತ್ತದೆ. ವಿದ್ಯುತ್ ಶುಲ್ಕದ ಮೇಲೆ ನೂರಕ್ಕೆ 9ರಂತೆ 270 ರೂಪಾಯಿ 81 ಪೈಸೆ. ಲಾಕರ್ ಬಾಡಿಗೆಯಂಥ ಆ 240ರ ಮೇಲೆ ತೆರಿಗೆ ಹಾಕಿರಲಿಲ್ಲ. ಮೂರನ್ನೂ ಕೂಡಿಸಿದರೆ 3,519 ರೂಪಾಯಿ 81 ಪೈಸೆ. ಕಲ್ಲಿದ್ದಲು ಮತ್ತು ಖರೀದಿಸಿದ ವಿದ್ಯುತ್ತಿನ ಬೆಲೆ ಏರಿಳಿದಾಗ ಯೂನಿಟ್ಟಿಗೆ ಇಷ್ಟು ಪೈಸೆ ಎಂದು ಸೇರಿಸುವ ಅಥವಾ ಕಳೆಯುವ ಇನ್ನೊಂದು ಸಾಲೂ ಇರುತ್ತದೆ. ಅದು ತಿಂಗಳಿಂದ ತಿಂಗಳಿಗೆ ಬದಲಾಗುವುದರಿಂದ ಇಲ್ಲಿ ಬಿಟ್ಟಿದ್ದೇನೆ.

ಕೂಡುವುದರಲ್ಲಿ ತಪ್ಪಿರಲಿಲ್ಲ. ಹಾಗಾದರೆ 510 ಎಂಬುದೇ ತಪ್ಪೇ? ಮೀಟರ್ ಓದುವಾಗ ಕಣ್ತಪ್ಪಿತೇ? ಇಬ್ಬರೂ ಎದ್ದು ಮೀಟರಿನ ಹತ್ತಿರ ಹೋದೆವು. ಡಿಜಿಟಲ್ ಮೀಟರಿನಲ್ಲಿ ತಾರೀಕು, ಸಮಯ, ವೋಲ್ಟೇಜ್ ಎಲ್ಲ ಒಂದಾದ ಮೇಲೊಂದು ಬಂದು ಹೋಗುತ್ತವೆ. ಪಕ್ಕದಲ್ಲಿ kWh ಎಂದು ಬರುವ ಸಂಖ್ಯೆಯೇ ನಮಗೆ ಬೇಕಾದದ್ದು, ಅದರಲ್ಲೂ ಚುಕ್ಕೆಯ ನಂತರದ ಅಂಕಿ ಬಿಲ್ಲಿಗೆ ಬರುವುದಿಲ್ಲ. ಪುಟ್ಟ ಕಾದು ನಿಂತು ಓದಿದ: 14846. ಜೂನ್ 1ರಿಂದ 4ರ ಬೆಳಗಿನ ತನಕ 26 ಯೂನಿಟ್ ಓಡಿತ್ತು. 14820 ಎಂದು ಓದಿದ್ದು ಸರಿಯಾಗಿಯೇ ಇತ್ತು.

ಆದರೆ ಅಲ್ಲೇ ಒಂದು ಸುಳಿವೂ ಸಿಕ್ಕಿತು. ಮೂರು ದಿನಕ್ಕೆ 26 ಎಂದರೆ ದಿನಕ್ಕೆ ಎಂಟೂವರೆಗಿಂತ ಒಂದಿಷ್ಟು ಹೆಚ್ಚು. 510 ಯೂನಿಟ್ ಒಂದೇ ತಿಂಗಳದ್ದಾದರೆ ದಿನಕ್ಕೆ ಹದಿನಾರೂವರೆ ಆಗಬೇಕು. ನಮ್ಮ ಮನೆ ಅಷ್ಟು ಕರೆಂಟ್ ಬಳಸುತ್ತಲೇ ಇರಲಿಲ್ಲ.

"ಅಜ್ಜ, ಹೋದ ತಿಂಗಳ ಬಿಲ್ಲು ಎಲ್ಲಿ?" ಎಂದ ಪುಟ್ಟ. ಅದನ್ನು ಮಗ ಫೋನಿನಲ್ಲೇ ಕಟ್ಟಿದ್ದ, ನಾನು ನೋಡದೆ ಫೈಲಿಗೆ ಸೇರಿಸಿದ್ದೆ. ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟಾಗ ಪುಟ್ಟನ ಬೆರಳು ಒಂದೇ ಸಂಖ್ಯೆಯ ಮೇಲೆ ಎರಡು ಸಲ ನಿಂತಿತು. ಮೇ ತಿಂಗಳ ಬಿಲ್ಲಿನಲ್ಲೂ ಹಿಂದಿನ ಮಾಪನ 14310. ಜೂನ್ ಬಿಲ್ಲಿನಲ್ಲೂ ಹಿಂದಿನ ಮಾಪನ 14310! ಪಾಸ್‌ಬುಕ್ಕಿನಲ್ಲಿ ಒಂದು ತಿಂಗಳ ಕೊನೆಯ ಶಿಲ್ಕು ಮುಂದಿನ ತಿಂಗಳ ಆರಂಭದ ಶಿಲ್ಕಾಗಬೇಕಲ್ಲವೇ? ಇಲ್ಲಿ ಆರಂಭ ಜಾಗ ಬಿಟ್ಟು ಕದಲಿರಲಿಲ್ಲ.

ಆಗ ನೆನಪಾಯಿತು. ಮೇ 1ರಂದು ನಾವೆಲ್ಲ ಮದುವೆಗೆ ಹೋಗಿದ್ದೆವು, ಗೇಟಿಗೆ ಬೀಗ ಹಾಕಿತ್ತು. ಮೀಟರ್ ಇರುವುದು ಗೇಟಿನ ಒಳಗೆ. ಹೀಗೆ ಬೀಗವಿದ್ದಾಗ ಬಿಲ್ಲಿನ ಮೇಲೆ 'ಡೋರ್ ಲಾಕ್' ಎಂದು ಗುರುತು ಹಾಕಿ, ಹಿಂದಿನ ತಿಂಗಳುಗಳ ಸರಾಸರಿಯ ಮೇಲೆ ಬಿಲ್ಲು ಕೊಡುತ್ತಾರೆ. ಅದು ಅಂದಾಜು ಮಾತ್ರ. ಮುಂದಿನ ಸಲ ಮೀಟರ್ ಓದಿದಾಗ ಎರಡೂ ತಿಂಗಳ ನಿಜವಾದ ಬಳಕೆ ಒಟ್ಟಿಗೆ ಸಿಗುತ್ತದೆ. ಅದರಿಂದ ಮೊದಲೇ ಬಿಲ್ಲು ಮಾಡಿದ್ದನ್ನು ಕಳೆಯಬೇಕು. ಹೊಂದಾಣಿಕೆ ಎಂದರೆ ಇದೇ.

ಮೇ ಬಿಲ್ಲಿನಲ್ಲಿ ನಮಗೆ ಸರಾಸರಿ 210 ಯೂನಿಟ್ ಹಾಕಿದ್ದರು. ಜೂನ್ ಬಿಲ್ಲಿನಲ್ಲಿ 510 ಪೂರ್ತಿಯಾಗಿ ಬಂದಿತ್ತು, ಆ 210 ಕಳೆದಿರಲಿಲ್ಲ. ಹೊಂದಾಣಿಕೆಯ ಸಾಲು ಖಾಲಿ ಇತ್ತು. ಅಂದರೆ ಅದೇ 210 ಯೂನಿಟ್ಟಿಗೆ ಎರಡು ಸಲ ಹಣ ಕೇಳಿದ್ದರು.

"ಹಾಗಾದರೆ ಮೇನಲ್ಲಿ ಕಟ್ಟಿದ್ದೆಲ್ಲ ವಾಪಸ್ ಬರುತ್ತಾ?" ಎಂದ ಪುಟ್ಟ. ಮೇ ಬಿಲ್ಲು 1,590 ರೂಪಾಯಿ 51 ಪೈಸೆ. ಅದರಲ್ಲಿ ನಿಗದಿತ ಶುಲ್ಕದ 240 ಬರುವುದಿಲ್ಲ, ಅದು ಆ ತಿಂಗಳ ಬಾಡಿಗೆ. 210 ಯೂನಿಟ್ಟಿನ 1,239 ರೂಪಾಯಿ ಬರಬೇಕು. ಅದರ ಮೇಲಿನ ತೆರಿಗೆ 111 ರೂಪಾಯಿ 51 ಪೈಸೆಯೂ ಬರಬೇಕು. ಒಟ್ಟು 1,350 ರೂಪಾಯಿ 51 ಪೈಸೆ. ಬಿಲ್ಲಿನಿಂದ ಇದನ್ನು ಕಳೆದರೆ ನಾವು ನಿಜವಾಗಿ ಕೊಡಬೇಕಾದದ್ದು 2,169 ರೂಪಾಯಿ 30 ಪೈಸೆ. ಪುಟ್ಟ ಇನ್ನೊಂದು ದಾರಿಯಿಂದಲೂ ತಾಳೆ ನೋಡಿದ: 300 ಯೂನಿಟ್ಟಿಗೆ 1,770, ತೆರಿಗೆ 159.30, ನಿಗದಿತ ಶುಲ್ಕ 240. ಅದೇ ಮೊತ್ತ ಬಂತು. ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಹೊಂದಿದಾಗ ಆಗುತ್ತಿದ್ದ ಸಮಾಧಾನ ನನಗಾಯಿತು.

ಕಟ್ಟುವ ಕೊನೆಯ ದಿನಾಂಕ ಇನ್ನೂ ದೂರವಿತ್ತು. ಎರಡು ಬಿಲ್ಲುಗಳ ಪ್ರತಿ, ಮೇ ತಿಂಗಳು ಹಣ ಕಟ್ಟಿದ ರಸೀದಿ, ಅರ್ಧ ಪುಟದ ಅರ್ಜಿ ಹಿಡಿದು ಇಬ್ಬರೂ ಕಚೇರಿಗೆ ಹೋದೆವು. ಅರ್ಜಿಯಲ್ಲಿ ಬಿಲ್ಲು ಜಾಸ್ತಿ ಬಂದಿದೆ ಎಂದು ದೂರಲಿಲ್ಲ. 'ಮೇ ತಿಂಗಳ ಸರಾಸರಿ 210 ಯೂನಿಟ್ ಜೂನ್ ಬಿಲ್ಲಿನಲ್ಲಿ ಕಳೆದಿಲ್ಲ' ಎಂದಷ್ಟೇ ಬರೆದಿದ್ದೆ. ಅಲ್ಲಿದ್ದವರು ಕಂಪ್ಯೂಟರಿನಲ್ಲಿ ನಮ್ಮ ಖಾತೆ ತೆಗೆದು ನೋಡಿ, "ಹೌದು ಸರ್, ಕಳೆದಿಲ್ಲ" ಎಂದು ಸರಿಪಡಿಸಿದ ಬಿಲ್ಲು ಕೊಟ್ಟರು. ಬಿಲ್ಲು ಏನೂ ಪೂರ್ತಿ ಇಳಿಯಲಿಲ್ಲ, ಮಕ್ಕಳೇ. ಎರಡು ತಿಂಗಳ 510ನ್ನು ಹಂಚಿದರೆ ತಿಂಗಳಿಗೆ 255, ಬೇರೆ ತಿಂಗಳಿಗಿಂತ 45 ಹೆಚ್ಚು. ಅದು ಬೇಸಿಗೆಯಲ್ಲಿ ಎಲ್ಲರ ಫ್ಯಾನು, ಫ್ರಿಜ್ಜುಗಳು ಸೇರಿ ತಿಂದದ್ದು, ನನ್ನ ಕೋಣೆಯ ಫ್ಯಾನೂ ಸೇರಿ.

ದರಗಳು ಬದಲಾಗುತ್ತವೆ. 2025ರ ಏಪ್ರಿಲ್‌ನಿಂದ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 145 ಆಯಿತು, ಯೂನಿಟ್ ದರ 5.80ಕ್ಕೆ ಇಳಿಯಿತು, ನೌಕರರ ಪಿಂಚಣಿಗಾಗಿ ಯೂನಿಟ್ಟಿಗೆ 36 ಪೈಸೆಯ ಹೊಸ ಸಾಲೂ ಸೇರಿತು. ಆದ್ದರಿಂದ ನನ್ನ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ, ನಿಮ್ಮ ಚೀಟಿಯಲ್ಲಿರುವ ದರ ಹಾಕಿ ಗುಣಿಸಿ. ಗೃಹಜ್ಯೋತಿಯಿಂದ ಸೊನ್ನೆ ಬಿಲ್ಲು ಬರುವ ಮನೆಯವರೂ ಯೂನಿಟ್‌ಗಳ ಸಾಲನ್ನು ಬಿಡದೆ ನೋಡಿ. ಬಳಕೆ 200 ಯೂನಿಟ್ ದಾಟಿತೆಂದರೆ ಆ ತಿಂಗಳ ಬಿಲ್ಲು ಪೂರ್ತಿ ಕಟ್ಟಬೇಕು. ಅಲ್ಲಿ ಒಂದು ತಪ್ಪು ಮಾಪನ ದುಬಾರಿಯಾದೀತು.

ಕಚೇರಿಯಿಂದ ಬಂದ ರಾತ್ರಿ ಪುಟ್ಟನ ಕೋಣೆಗೆ ಹೋಗಿ ನಾನೇ ಫ್ಯಾನ್ ಹಾಕಿದೆ. "ತಪ್ಪಾಯಿತು ಕಣೋ" ಎಂದೆ. "ಮೂರೂವರೆ ರೂಪಾಯಿ, ಅಜ್ಜ" ಎಂದು ನಕ್ಕು ಮಗ್ಗುಲಾದ. ಅಂದಿನಿಂದ ಪ್ರತಿ ತಿಂಗಳು 1ನೇ ತಾರೀಕು ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲಿ ಮೀಟರಿನ ಸಂಖ್ಯೆ ಬರೆಯುವ ಕೆಲಸ ಅವನದು. ಊರಿಗೆ ಹೋಗುವುದಿದ್ದರೆ ಹಿಂದಿನ ದಿನವೇ ಫೋನಿನಲ್ಲಿ ಮೀಟರಿನ ಫೋಟೊ ತೆಗೆದಿಡುತ್ತಾನೆ.

ಈ ವಾರದ ನಿಮ್ಮ ಲೆಕ್ಕ: ನಾಳೆ ಬೆಳಗ್ಗೆ, ನಾಡಿದ್ದು ಬೆಳಗ್ಗೆ ಅದೇ ಹೊತ್ತಿಗೆ ನಿಮ್ಮ ಮನೆಯ ಮೀಟರ್ ಓದಿ ಬರೆದಿಡಿ. ವ್ಯತ್ಯಾಸವನ್ನು 30ರಿಂದ ಗುಣಿಸಿ, ಹೋದ ತಿಂಗಳ ಬಿಲ್ಲಿನ ಯೂನಿಟ್‌ಗಳ ಜೊತೆ ಹೋಲಿಸಿ. ಎರಡೂ ಹತ್ತಿರ ಹತ್ತಿರ ಇದ್ದರೆ ಸರಿ. ತೀರಾ ದೂರವಿದ್ದರೆ, ಯಾರನ್ನಾದರೂ ಬೈಯುವ ಮೊದಲು ಹಿಂದಿನ ಬಿಲ್ಲನ್ನು ಹುಡುಕಿ ತೆಗೆಯಿರಿ.